7,400ರ ಆಚೆ ಬದಲಾಗುವ ಉಸಿರು

ಯಮಹಾ ಆರ್15 ಬೈಕಿನ ಮೂರನೇ ಆವೃತ್ತಿ 2018ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಅದರ ಮೀಟರಿನಲ್ಲಿ VVA ಎಂಬ ಮೂರಕ್ಷರದ ಗುರುತೊಂದಿದೆ. ಎಂಜಿನ್ ನಿಮಿಷಕ್ಕೆ 7,400 ಸುತ್ತು ಮುಟ್ಟಿದಾಗ ಅದು ಕಾಣಿಸಿಕೊಳ್ಳುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರಿಗೆ ಅದರ ದರ್ಶನವಾಗುವುದೇ ಅಪರೂಪ. ಹೆದ್ದಾರಿಯಲ್ಲಿ ಗೇರ್ ಬದಲಿಸದೆ ಆಕ್ಸಿಲರೇಟರ್ ತಿರುಗಿಸಿ ಹಿಡಿದವರಿಗೆ ಮಾತ್ರ ಅದು ಗೊತ್ತು. ಆ ಗುರುತು ಮೂಡುವ ಹೊತ್ತಿಗೆ ಎಂಜಿನ್ನಿನ ತಲೆಯೊಳಗೆ ಒಂದು ಸಣ್ಣ ಪಿನ್ನು ಪಕ್ಕಕ್ಕೆ ಸರಿದು, ಗಾಳಿ ಒಳಗೆಳೆದುಕೊಳ್ಳುವ ಕ್ರಮವೇ ಬೇರೆಯಾಗಿರುತ್ತದೆ.

ಅಷ್ಟು ಸಣ್ಣ ಪಿನ್ನಿಗೆ ಅಷ್ಟು ದೊಡ್ಡ ಕೆಲಸ ಏಕೆ ಎಂಬುದು ತಿಳಿಯಬೇಕಾದರೆ ಎಂಜಿನ್ ಹೇಗೆ ಉಸಿರಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಪಿಸ್ಟನ್ ಕೆಳಗಿಳಿಯುವಾಗ ಇನ್ಲೆಟ್ ವಾಲ್ವ್ ತೆರೆದು ಗಾಳಿ, ಪೆಟ್ರೋಲ್ ಒಳಬರುತ್ತವೆ. ಉರಿದ ಹೊಗೆಯನ್ನು ಪಿಸ್ಟನ್ ಮೇಲೆ ತಳ್ಳುವಾಗ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಈ ವಾಲ್ವ್‌ಗಳನ್ನು ಒತ್ತುವುದು ಕ್ಯಾಮ್‌ಶಾಫ್ಟ್. ಇದು ಟೈಮಿಂಗ್ ಚೈನಿನ ಮೂಲಕ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕಬ್ಬಿಣದ ದಂಡ. ದಂಡದ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಉಬ್ಬು ಎಷ್ಟು ಎತ್ತರವೋ ವಾಲ್ವ್ ಅಷ್ಟು ಆಳಕ್ಕೆ ತೆರೆಯುತ್ತದೆ. ಉಬ್ಬು ಎಷ್ಟು ಅಗಲವೋ ವಾಲ್ವ್ ಅಷ್ಟು ಹೊತ್ತು ತೆರೆದಿರುತ್ತದೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೂ ಆ ಆಕಾರದಲ್ಲೇ ಬರೆದಿಟ್ಟಂತೆ. ಕಾರ್ಖಾನೆಯಲ್ಲಿ ಒಮ್ಮೆ ಅರೆದು ಹೊಳಪು ಕೊಟ್ಟ ಮೇಲೆ ಆ ಬರಹ ಬದಲಾಗುವುದಿಲ್ಲ.

ಶಾಲೆಯ ಪುಸ್ತಕದಲ್ಲಿ ಪಿಸ್ಟನ್ ತಳ ಮುಟ್ಟಿದ ಕ್ಷಣಕ್ಕೆ ಇನ್ಲೆಟ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಿಜವಾದ ಎಂಜಿನ್ನಿನಲ್ಲಿ ಹಾಗಾಗುವುದಿಲ್ಲ. ಪಿಸ್ಟನ್ ತಳ ಮುಟ್ಟಿ, ತಿರುಗಿ ಮೇಲೇರಲು ಶುರುಮಾಡಿದ ಮೇಲೂ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಕಾರಣ, ಗಾಳಿಗೂ ತೂಕವಿದೆ. ಆರ್15ರ ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುವಾಗ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸೆಕೆಂಡಿನ ನೂರನೇ ಒಂದು ಭಾಗ ಹಿಡಿಯುತ್ತದೆ. 10,000ದಲ್ಲಿ ಅದಕ್ಕೆ ಸಿಗುವುದು ಸೆಕೆಂಡಿನ ಸಾವಿರದ ಮೂರು ಭಾಗ ಮಾತ್ರ. ಆಗ ಪಿಸ್ಟನ್ನಿನ ಸರಾಸರಿ ವೇಗವೇ ಸೆಕೆಂಡಿಗೆ ಸುಮಾರು 20 ಮೀಟರ್. ಗಾಳಿ ಬರುವ ದಾರಿ ಸಿಲಿಂಡರಿಗಿಂತ ಬಹಳ ಕಿರಿದಾದ್ದರಿಂದ ಅಲ್ಲಿ ಗಾಳಿ ಅದರ ಹಲವು ಪಟ್ಟು ವೇಗದಲ್ಲಿ ನುಗ್ಗುತ್ತಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಸೀಟು ಹಿಡಿಯಲು ಬಸ್ಸಿಗೆ ನುಗ್ಗುವವರ ಹಾಗೆ, ಮುಂದಿನವರು ನಿಂತರೂ ಹಿಂದಿನವರ ಒತ್ತಡ ನಿಲ್ಲುವುದಿಲ್ಲ. ಪಿಸ್ಟನ್ ಎದುರಿನಿಂದ ಮೇಲೇರಿ ಬರುತ್ತಿದ್ದರೂ ಈ ಗಾಳಿ ಇನ್ನಷ್ಟು ಒಳಗೆ ತುಂಬಿಕೊಳ್ಳುತ್ತದೆ. ವಾಲ್ವನ್ನು ಬೇಗ ಮುಚ್ಚಿದರೆ ಈ ಲಾಭವೆಲ್ಲ ಬಾಗಿಲ ಹೊರಗೇ ಉಳಿಯುತ್ತದೆ.

ನಿಧಾನವಾಗಿ ಓಡುವ ಎಂಜಿನ್ನಿನಲ್ಲಿ ಕತೆ ತಿರುವುಮುರುವು. ಗಾಳಿಗೆ ಆ ರಭಸವಿಲ್ಲ. ಪಿಸ್ಟನ್ ಮೇಲೇರುತ್ತಿದ್ದಂತೆ ಒಳಬಂದ ಗಾಳಿ ತೆರೆದ ವಾಲ್ವಿನಿಂದಲೇ ಹಿಂದಕ್ಕೆ ಹೊರಟುಬಿಡುತ್ತದೆ.

ಇದು ಎಷ್ಟರ ನಷ್ಟ ಎಂದು ಲೆಕ್ಕ ಹಾಕಬಹುದು. ಪಿಸ್ಟನ್ ತಳ ಮುಟ್ಟಿದ ಮೇಲೆ ಕ್ರ್ಯಾಂಕ್ 30 ಡಿಗ್ರಿ ತಿರುಗುವಷ್ಟರಲ್ಲಿ ವಾಲ್ವ್ ಮುಚ್ಚಿದರೆ, ಸಾಮಾನ್ಯ ಅಳತೆಯ ಎಂಜಿನ್ನಿನಲ್ಲಿ ಪಿಸ್ಟನ್ ತನ್ನ ಹಾದಿಯ ಶೇಕಡ 5ರಷ್ಟು ಮಾತ್ರ ಮೇಲೇರಿರುತ್ತದೆ. 60 ಡಿಗ್ರಿಯವರೆಗೆ ತಡಮಾಡಿದರೆ ಸುಮಾರು ಶೇಕಡ 20ರಷ್ಟು ಏರಿರುತ್ತದೆ. ಅಂದರೆ 155 ಸಿಸಿ ಎಂಜಿನ್ನಿನಲ್ಲಿ 31 ಸಿಸಿಯಷ್ಟು ಜಾಗ. ಗಾಳಿಗೆ ರಭಸವಿಲ್ಲದ ವೇಗದಲ್ಲಿ ಅಷ್ಟು ಜಾಗದ ಗಾಳಿ ವಾಪಸ್ಸು ಹೋಗುತ್ತದೆ. ಆಗ 155 ಸಿಸಿ ಬೈಕು ಹೆಚ್ಚುಕಡಿಮೆ 125 ಸಿಸಿ ಬೈಕಿನಂತೆ ಎಳೆಯುತ್ತದೆ. ಸವಾರರು ಇದನ್ನೇ ‘ಕೆಳಗಡೆ ಪಿಕಪ್ ಇಲ್ಲ’ ಎನ್ನುವುದು.

ಇನ್ನೊಂದು ತೊಡಕು ಪಿಸ್ಟನ್ ತುದಿಯಲ್ಲಿರುವಾಗ ಎದುರಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್ಲೆಟ್ ವಾಲ್ವ್ ತೆರೆಯಲು ಶುರುವಾಗುತ್ತದೆ. ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ವೇಗ ಹೆಚ್ಚಿದ್ದಾಗ ಹೊರಟ ಹೊಗೆಯ ಸೆಳೆತ ಹೊಸ ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಇದು ಒಳ್ಳೆಯದೇ. ಐಡಲ್‌ನಲ್ಲಿ ಮಾತ್ರ ಕೇಡು. ಆಗ ಥ್ರಾಟಲ್ ಮುಚ್ಚಿರುವುದರಿಂದ ಇನ್ಲೆಟ್ ದಾರಿಯಲ್ಲಿ ನಿರ್ವಾತವಿರುತ್ತದೆ. ಹೊಗೆ ಹೊರಗೆ ಹೋಗುವ ಬದಲು ಅತ್ತಲೇ ನುಗ್ಗಿ ಹೊಸ ಗಾಳಿಯೊಂದಿಗೆ ಬೆರೆಯುತ್ತದೆ. ಒಂದು ಸಲ ಉರಿ ಚೆನ್ನಾಗಿ ಹತ್ತಿದರೆ ಇನ್ನೊಂದು ಸಲ ಹತ್ತುವುದಿಲ್ಲ. ರೇಸ್ ಕ್ಯಾಮ್ ಹಾಕಿಸಿಕೊಂಡ ಬೈಕುಗಳು ಸಿಗ್ನಲ್‌ನಲ್ಲಿ ನಿಂತಾಗ ಕುಂಟುತ್ತಾ ಗುಡುಗುಡು ಎನ್ನುವುದು ಇದೇ ಕಾರಣಕ್ಕೆ. ಆ ಸದ್ದಿಗೆ ಮರುಳಾಗಿ ದುಡ್ಡು ಕೊಡುವವರಿದ್ದಾರೆ. ಅವರು ಕೊಳ್ಳುತ್ತಿರುವುದು ಮೇಲಿನ ವೇಗದ ಶಕ್ತಿಯನ್ನು, ಕಳೆದುಕೊಳ್ಳುತ್ತಿರುವುದು ದಿನವಿಡೀ ಬಳಸುವ ಕೆಳಗಿನ ವೇಗದ ಎಳೆತವನ್ನು.

ಹೀಗಾಗಿ ಒಂದೇ ಕ್ಯಾಮ್ ಇರುವ ಎಂಜಿನ್ ಎಲ್ಲೋ ಒಂದು ಕಡೆ ಸೋಲಲೇಬೇಕು. ದಶಕಗಳ ಕಾಲ ಎಂಜಿನಿಯರುಗಳು ನಡುವೆ ಎಲ್ಲೋ ಒಂದು ಬಿಂದು ಹಿಡಿದು ಸುಮ್ಮನಾಗುತ್ತಿದ್ದರು.

ಜಪಾನಿನ ಹೋಂಡಾ ಕಂಪನಿ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಈ ರಾಜಿಯನ್ನು ಮುರಿಯಿತು. ಇಕುವೊ ಕಜಿಟಾನಿ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ ವಿಟೆಕ್ ವ್ಯವಸ್ಥೆ ಅದು. 1.6 ಲೀಟರಿನ ಆ ಎಂಜಿನ್ ಟರ್ಬೊ ಇಲ್ಲದೆ 7,600 ಆರ್‌ಪಿಎಂನಲ್ಲಿ 160 ಪಿಎಸ್ ಶಕ್ತಿ ಕೊಟ್ಟಿತು. ಲೀಟರಿಗೆ ನೂರು. ಅದುವರೆಗೆ ಅಂಥ ಲೆಕ್ಕ ರೇಸಿನ ಎಂಜಿನ್ನುಗಳಿಗೆ ಮೀಸಲಾಗಿತ್ತು, ಮಾರುಕಟ್ಟೆಗೆ ಹೋಗಿಬರುವ ಕಾರಿಗಲ್ಲ. ಉಪಾಯ ಸರಳ. ಪ್ರತಿ ಜೋಡಿ ವಾಲ್ವಿಗೆ ಎರಡರ ಬದಲು ಮೂರು ಉಬ್ಬು. ಪಕ್ಕದ ಎರಡು ನಿಧಾನದ ಓಟಕ್ಕೆ, ನಡುವಿನ ಎತ್ತರದ್ದು ವೇಗಕ್ಕೆ. ಎಣ್ಣೆಯ ಒತ್ತಡದಿಂದ ಪಿನ್ನು ಸರಿದಾಗ ಮೂರು ರಾಕರ್ ಆರ್ಮ್‌ಗಳೂ ಒಂದಾಗಿ, ನಡುವಿನ ಉಬ್ಬು ಹೇಳಿದಂತೆ ಕುಣಿಯುತ್ತವೆ.

ಆರ್15ರದ್ದು ಇದೇ ಜಾತಿಯ ಯಂತ್ರ, ಇನ್ನೂ ಚಿಕ್ಕದು. ಒಂದೇ ಕ್ಯಾಮ್‌ಶಾಫ್ಟ್, ಅದರ ಮೇಲೆ ಇನ್ಲೆಟ್‌ಗೆ ಎರಡು ಉಬ್ಬು. ಕಡಿಮೆ ವೇಗದಲ್ಲಿ ಚಿಕ್ಕ ಉಬ್ಬಿನ ರಾಕರ್ ಮಾತ್ರ ವಾಲ್ವ್‌ಗಳನ್ನು ಒತ್ತುತ್ತದೆ. ದೊಡ್ಡ ಉಬ್ಬಿನ ರಾಕರ್ ಸುಮ್ಮನೆ ಏಳುತ್ತಾ ಬೀಳುತ್ತಾ ಇರುತ್ತದೆ, ಅದಕ್ಕೆ ಕೆಲಸವಿಲ್ಲ. 7,400 ಮುಟ್ಟಿದಾಗ ಸಾಲಿನಾಯ್ಡ್ ಎಂಬ ವಿದ್ಯುತ್ ತಳ್ಳುಗ ಪಿನ್ನನ್ನು ತಳ್ಳಿ ಎರಡೂ ರಾಕರುಗಳನ್ನು ಬೆಸೆಯುತ್ತದೆ. ಪಿನ್ನು ಯಾವಾಗ ಬೇಕೆಂದರೆ ಆಗ ಒಳಹೋಗಲಾರದು. ವಾಲ್ವ್ ಮುಚ್ಚಿದ್ದು, ಎರಡೂ ರಾಕರುಗಳು ಉಬ್ಬಿಲ್ಲದ ಭಾಗದ ಮೇಲಿದ್ದಾಗ ಮಾತ್ರ ತೂತುಗಳು ಒಂದೇ ಸಾಲಿಗೆ ಬರುತ್ತವೆ. ಆ ವೇಗದಲ್ಲಿ ಕ್ಯಾಮ್ ಒಂದು ಸುತ್ತು ಮುಗಿಸಲು ಸೆಕೆಂಡಿನ ಸಾವಿರದ ಹದಿನಾರು ಭಾಗ ಸಾಕು. ಅದರಲ್ಲೂ ಒಂದು ಪಾಲು ಮಾತ್ರ ಪಿನ್ನಿಗೆ ಸಿಗುವ ಅವಕಾಶ.

ಹಿಂದಿನ ಆವೃತ್ತಿಯ 149 ಸಿಸಿ ಎಂಜಿನ್ 8,500 ಆರ್‌ಪಿಎಂನಲ್ಲಿ 17 ಪಿಎಸ್ ಕೊಡುತ್ತಿತ್ತು. ಹೊಸದು 10,000ದಲ್ಲಿ 19.3 ಪಿಎಸ್ ಕೊಟ್ಟಿತು. ಇದೆಲ್ಲ ಪಿನ್ನಿನ ಪುಣ್ಯವಲ್ಲ, ಸಿಲಿಂಡರ್ ಸ್ವಲ್ಪ ದೊಡ್ಡದಾಯಿತು, ಕಂಪ್ರೆಶನ್ನೂ ಏರಿತು. ಆದರೆ ಶಕ್ತಿಯ ತುದಿಯನ್ನು 1,500 ಸುತ್ತು ಮೇಲಕ್ಕೆ ಒಯ್ದ ಮೇಲೂ ಪೇಟೆಯಲ್ಲಿ ಬೈಕು ಮುಗ್ಗರಿಸದಿರುವುದಕ್ಕೆ ಚಿಕ್ಕ ಉಬ್ಬು ಮುಖ್ಯ ಕಾರಣ.

7,400 ಎಂಬ ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ. ಚಿಕ್ಕ ಉಬ್ಬಿನ ಎಳೆತ ಇಳಿಯುತ್ತಾ, ದೊಡ್ಡದರ ಎಳೆತ ಏರುತ್ತಾ ಬಂದು ಒಂದು ಕಡೆ ಸಮವಾಗುತ್ತವೆ. ಬದಲಾವಣೆ ಅದೇ ಬಿಂದುವಿನಲ್ಲಾದರೆ ಸವಾರನಿಗೆ ಕುಲುಕು ಗೊತ್ತಾಗುವುದಿಲ್ಲ. ಹಳೆಯ ವಿಟೆಕ್ ಅಭಿಮಾನಿಗಳು ‘ಹಿಂದಿನಿಂದ ಒದ್ದ ಹಾಗೆ’ ಎಂದು ಹೊಗಳುವುದುಂಟು. ಒದೆತ ಜೋರಾಗಿದ್ದಷ್ಟೂ ಅದಕ್ಕೆ ಮುಂಚೆ ಎಳೆತ ಸೊರಗಿತ್ತು ಎಂದೇ ಅರ್ಥ.

ನಮ್ಮ ರಸ್ತೆಯ ಬಹುಪಾಲು ಪೆಟ್ರೋಲ್ ಕಾರುಗಳು ಹಿಡಿದಿರುವುದು ಬೇರೆ ದಾರಿ. ಮಾರುತಿಯ ಕೆ ಸರಣಿಯ ವಿವಿಟಿ, ಟೊಯೋಟಾದ ವಿವಿಟಿ-ಐ, ಹ್ಯುಂಡೈನ ವಿಟಿವಿಟಿ ಎಲ್ಲವೂ ಮೂಲತಃ ಒಂದೇ ಉಪಾಯ. ಇಲ್ಲಿ ಉಬ್ಬು ಬದಲಾಗುವುದಿಲ್ಲ, ಕ್ಯಾಮ್‌ಶಾಫ್ಟನ್ನೇ ಹಿಂದಕ್ಕೆ ಮುಂದಕ್ಕೆ ತಿರುಗಿಸಲಾಗುತ್ತದೆ. ಚೈನಿನ ಹಲ್ಲುಚಕ್ರದ ಒಳಗೆ ಫೇಸರ್ ಎಂಬ ಡಬ್ಬಿಯಿದೆ. ಅದರೊಳಗಿನ ರೆಕ್ಕೆಗಳ ಒಂದು ಬದಿಗೆ ಎಂಜಿನ್ ಆಯಿಲ್ ತುಂಬಿದರೆ ಕ್ಯಾಮ್ ಮುಂದಕ್ಕೆ, ಇನ್ನೊಂದು ಬದಿಗೆ ತುಂಬಿದರೆ ಹಿಂದಕ್ಕೆ. ಐಡಲ್‌ನಲ್ಲಿ ಕಂಪ್ಯೂಟರ್ ಇನ್ಲೆಟ್ ಕ್ಯಾಮನ್ನು ಹಿಂದಿಟ್ಟು ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತನ್ನು ಕಡಿಮೆ ಮಾಡುತ್ತದೆ. ಘಾಟಿಯಲ್ಲಿ ನಿಧಾನವಾಗಿ ಭಾರ ಎಳೆಯುವಾಗ ಮುಂದಕ್ಕೆ ತಂದು ವಾಲ್ವನ್ನು ಬೇಗ ಮುಚ್ಚಿಸುತ್ತದೆ. ವೇಗ ಹೆಚ್ಚಿದಾಗ ಮತ್ತೆ ಹಿಂದಕ್ಕೆ ಸರಿಸಿ, ನುಗ್ಗಿ ಬರುವ ಗಾಳಿಗೆ ಬಾಗಿಲು ತೆರೆದಿಡುತ್ತದೆ. ಲಾಭವೆಂದರೆ ಒಂದೊಂದು ಡಿಗ್ರಿಯಷ್ಟು ನಯವಾಗಿ ಹೊಂದಿಸಬಹುದು. ಮಿತಿಯೆಂದರೆ ವಾಲ್ವ್ ತೆರೆಯುವ ಆಳವನ್ನಾಗಲಿ ತೆರೆದಿರುವ ಅವಧಿಯನ್ನಾಗಲಿ ಹಿಗ್ಗಿಸಲಾಗದು.

ಕೈಕೊಡುವ ಬಗೆಯೂ ಎರಡರದ್ದು ಬೇರೆ ಬೇರೆ. ಆರ್15ರಲ್ಲಿ ಪಿನ್ನು ಸರಿಯದಿದ್ದರೆ ಬೈಕು ಚಿಕ್ಕ ಉಬ್ಬಿನಲ್ಲೇ ಓಡುತ್ತದೆ. ಮೇಲಿನ ವೇಗದಲ್ಲಿ ಉಸಿರು ಕಟ್ಟಿದಂತಾಗುತ್ತದೆ, ನಿಧಾನ ಸವಾರನಿಗೆ ತೊಂದರೆ ಇದೆಯೆಂಬುದೇ ತಿಳಿಯದೆ ಹೋಗಬಹುದು. ಫೇಸರ್ ಇರುವ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಕಟಕಟ ಸದ್ದು ಬರುವುದು, ಐಡಲ್ ಏರಿಳಿಯುವುದು, ಚೆಕ್ ಎಂಜಿನ್ ದೀಪ ಹೊತ್ತುವುದು ಸಾಮಾನ್ಯ ಲಕ್ಷಣಗಳು. ಸ್ಕ್ಯಾನರ್‌ನಲ್ಲಿ P0011 ಎಂದು ಬಂದರೆ ಇನ್ಲೆಟ್ ಕ್ಯಾಮ್ ಇರಬೇಕಾದ್ದಕ್ಕಿಂತ ಮುಂದಿದೆ ಎಂದು ಕಂಪ್ಯೂಟರ್ ಹೇಳುತ್ತಿದೆ. ತಿಳಿದ ಮೆಕ್ಯಾನಿಕ್ ಆಗ ನೇರ ಚೈನಿಗೆ ಕೈಹಾಕುವುದಿಲ್ಲ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲಿನ ಮಟ್ಟ, ಬಣ್ಣ ನೋಡುತ್ತಾನೆ. ಆಮೇಲೆ ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ, ಅದರ ಸಣ್ಣ ಜಾಲರಿಯಲ್ಲಿ ಕಪ್ಪು ಕೆಸರು ಕಟ್ಟಿದೆಯೇ ಎಂದು ಪರೀಕ್ಷಿಸುತ್ತಾನೆ. ಕಂಪ್ಯೂಟರ್ ಕೇಳಿದ ಕೋನಕ್ಕೂ ಕ್ಯಾಮ್ ನಿಂತಿರುವ ಕೋನಕ್ಕೂ ಎಷ್ಟು ಅಂತರವಿದೆ ಎಂಬುದು ಸ್ಕ್ಯಾನರ್‌ನಲ್ಲೇ ಕಾಣುತ್ತದೆ. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಉದ್ದವಾದ ಚೈನಿನ ಮೇಲೋ ಸವೆದ ಫೇಸರ್ ಮೇಲೋ ಅನುಮಾನ.

ಫೇಸರ್ ಇರುವ ಎಂಜಿನ್ನಿನಲ್ಲಿ ಆಯಿಲ್ ಬರೀ ಜಾರುವಿಕೆಗಲ್ಲ, ಕ್ಯಾಮನ್ನು ತಿರುಗಿಸುವ ಬಲವೂ ಅದೇ. ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20 ಎಂದಿದ್ದರೆ ‘ನಮ್ಮ ಬಿಸಿಲಿಗೆ ದಪ್ಪ ಇರಲಿ’ ಎಂದು 20ಡಬ್ಲ್ಯೂ-50 ಸುರಿಸಿಕೊಳ್ಳಬೇಡಿ. ಬದಲಿಸುವ ಗಡುವನ್ನೂ ಮುಂದಕ್ಕೆ ಹಾಕಬೇಡಿ, ಆಯಿಲ್ ಬದಲಿಸುವ ಖರ್ಚು ಫೇಸರ್ ಮತ್ತು ಚೈನ್ ಬದಲಿಸುವ ಖರ್ಚಿಗಿಂತ ಬಹಳ ಕಡಿಮೆ.