ಡಾಲರ್ ಹೊರಟಾಗ ಎರಡು ಪೇಟೆಗಳು

2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ತಿಂಗಳಿಗೆ 8,500 ಕೋಟಿ ಡಾಲರ್ ಸುರಿದು ಸಾಲಪತ್ರ ಕೊಳ್ಳುವುದನ್ನು ಮುಂದೆ ಕಡಿಮೆ ಮಾಡಬಹುದು ಎಂದರು. ಮಾಡಿರಲಿಲ್ಲ, ಮಾಡಬಹುದು ಎಂದರಷ್ಟೇ. ಆಗ ಸುಮಾರು 55 ರೂಪಾಯಿ ಇದ್ದ ಡಾಲರ್, ಆಗಸ್ಟ್ 28ಕ್ಕೆ 68 ದಾಟಿತ್ತು.

ವಿದೇಶಿ ಹೂಡಿಕೆದಾರ ಹೊರಡುವಾಗ ಎರಡು ವ್ಯಾಪಾರ ಮಾಡುತ್ತಾನೆ. ಮೊದಲು ಷೇರು ಅಥವಾ ಸಾಲಪತ್ರ ಮಾರುತ್ತಾನೆ. ಅಲ್ಲಿ ಬೆಲೆ ಇಳಿಯುತ್ತದೆ. ಕೈಗೆ ಬಂದ ರೂಪಾಯಿ ಕೊಟ್ಟು ಬ್ಯಾಂಕಿನಿಂದ ಡಾಲರ್ ಕೊಳ್ಳುತ್ತಾನೆ. ಇಲ್ಲಿ ಡಾಲರ್ ತುಟ್ಟಿಯಾಗುತ್ತದೆ. ಬರುವಾಗ ಇದೇ ಕ್ರಮ ತಿರುಗುಮುರುಗು.

ಅವನ ಲೆಕ್ಕವೆಲ್ಲ ಡಾಲರಿನಲ್ಲಿ. 55ರ ದರದಲ್ಲಿ ಒಂದು ಲಕ್ಷ ಡಾಲರ್ ತಂದವನ ಬಳಿ 55 ಲಕ್ಷ ರೂಪಾಯಿಯ ಷೇರು ಇದೆ ಎನ್ನಿ. ಷೇರು ಒಂದು ಪೈಸೆಯೂ ಇಳಿಯದಿದ್ದರೂ, ಡಾಲರ್ 68.75ಕ್ಕೆ ಏರಿದಾಗ ಅವನಿಗೆ ಮರಳಿ ಸಿಗುವುದು 80 ಸಾವಿರ ಡಾಲರ್. ಹಾಗಾಗಿ ರೂಪಾಯಿ ಜಾರುವುದು ಕಂಡರೆ ಇನ್ನೂ ಮಾರದವನೂ ಮಾರಲು ಅವಸರಪಡುತ್ತಾನೆ, ಅದರಿಂದ ರೂಪಾಯಿ ಮತ್ತಷ್ಟು ಜಾರುತ್ತದೆ. ಆ ವರ್ಷ ಹೆಚ್ಚು ಹಣ ಹೊರಟದ್ದು ಷೇರಿನಿಂದಲ್ಲ, ಸಾಲಪತ್ರಗಳಿಂದ ಎಂಬುದನ್ನು ನಾವು ಮರೆಯುತ್ತೇವೆ. ನಿತ್ಯ ಸುದ್ದಿಯಲ್ಲಿ ಕಾಣುವುದು ಸೆನ್ಸೆಕ್ಸ್ ಮಾತ್ರವಲ್ಲವೇ!

ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ತಡೆಯಬಹುದು. ಆದರೆ ಮಾರಿದಷ್ಟೂ ಬ್ಯಾಂಕುಗಳಲ್ಲಿದ್ದ ರೂಪಾಯಿ ಅದರ ಬಳಿಗೆ ಹೋಗುತ್ತದೆ, ಸಾಲ ತುಟ್ಟಿಯಾಗುತ್ತದೆ. ಜುಲೈನಲ್ಲಿ ಅದು ಬೇಕೆಂದೇ ಅಲ್ಪಾವಧಿ ಬಡ್ಡಿಯನ್ನು ಏರಿಸಿತು. ಕೊನೆಗೆ ಕೈಹಿಡಿದದ್ದು ಸೆಪ್ಟೆಂಬರ್‌ನ ಯೋಜನೆ: ಅನಿವಾಸಿ ಭಾರತೀಯರು ಇಟ್ಟ ಡಾಲರ್ ಠೇವಣಿಯ ವಿನಿಮಯ ದರದ ಅಪಾಯವನ್ನು ರಿಸರ್ವ್ ಬ್ಯಾಂಕೇ, ವರ್ಷಕ್ಕೆ ಶೇ 3.5ರ ವೆಚ್ಚಕ್ಕೆ, ಬ್ಯಾಂಕುಗಳಿಂದ ತಾನು ವಹಿಸಿಕೊಂಡಿತು. ಬ್ಯಾಂಕುಗಳು ಹೊರಗೆ ಪಡೆದ ಸಾಲವೂ ಸೇರಿ ಸುಮಾರು 3,400 ಕೋಟಿ ಡಾಲರ್ ಬಂತು. ಇದು ಎರವಲು ತಂದ ನೆಮ್ಮದಿ. ಮೂರು ವರ್ಷಕ್ಕೆ ಮರಳಿಸಬೇಕಿತ್ತು.

2024ರ ಅಕ್ಟೋಬರ್ ಬೇರೆ ಥರ. ವಿದೇಶಿಯರು ಆ ಒಂದೇ ತಿಂಗಳಲ್ಲಿ ಸುಮಾರು 94 ಸಾವಿರ ಕೋಟಿ ರೂಪಾಯಿಯ ಷೇರು ಮಾರಿದರು. ನಮ್ಮ ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳು ಒಂದು ಲಕ್ಷ ಕೋಟಿಗೂ ಮೀರಿ ಕೊಂಡವು. ಹಾಗಿದ್ದೂ ನಿಫ್ಟಿ ಸುಮಾರು ಶೇ 6 ಇಳಿಯಿತು. ಅವಸರ ಮಾರುವವನಿಗೆ, ಕೊಳ್ಳುವವನು ಬೆಲೆ ಇಳಿಯಲಿ ಎಂದು ಕಾಯಬಲ್ಲ. ರೂಪಾಯಿ ಮಾತ್ರ 84ರ ಆಸುಪಾಸಿನಲ್ಲೇ ನಿಂತಿತ್ತು. ಎಸ್‌ಐಪಿ ಹಣ ಷೇರು ಕೊಂಡೀತು, ಡಾಲರ್ ಒದಗಿಸಲಾರದು. ಆ ಕೆಲಸ ಮೀಸಲು ನಿಧಿಯದು. ಸೆಪ್ಟೆಂಬರ್ ಕೊನೆಗೆ 70 ಸಾವಿರ ಕೋಟಿ ಡಾಲರ್ ದಾಟಿದ್ದ ಮೀಸಲು, ವರ್ಷಾಂತ್ಯಕ್ಕೆ ಸುಮಾರು 64 ಸಾವಿರ ಕೋಟಿಗೆ ಇಳಿದಿತ್ತು. ಅಷ್ಟೂ ಮಾರಿದ್ದಲ್ಲ, ಅದರಲ್ಲಿದ್ದ ಯೂರೊ, ಯೆನ್‌ಗಳ ಡಾಲರ್ ಬೆಲೆ ಕುಗ್ಗಿದ್ದೂ ಅದರಲ್ಲಿ ಸೇರಿದೆ.