ಇಪ್ಪತ್ಮೂರು ಜನ, ಇನ್ನೂರ ಐವತ್ಮೂರು ಜೋಡಿ

ಅಕ್ಕನ ಮನೆಯ ಗೃಹಪ್ರವೇಶದ ದಿನ. ಪುರೋಹಿತರು ಸಂಕಲ್ಪಕ್ಕೆಂದು ಮನೆಯವರ ಹೆಸರು, ನಕ್ಷತ್ರ ಕೇಳುತ್ತಾ ಬಂದರು. ಭಾವ ಸ್ವಾತಿ, ಅಕ್ಕ ಮಘಾ, ಮಗಳು ಅಶ್ವಿನಿ, ಮಗ ಉತ್ತರಾಷಾಢ, ಭಾವನ ತಾಯಿ ರೋಹಿಣಿ, ಅವರ ಕಿರಿಮಗ ಹಸ್ತ. ಕೊನೆಗೆ ಕಿರಿಸೊಸೆಯ ಸರದಿ. ಅವಳು "ರೋಹಿಣಿ" ಎಂದಿದ್ದೇ ತಡ, "ಅರೆ, ಅತ್ತೆ-ಸೊಸೆ ಒಂದೇ ನಕ್ಷತ್ರ!" ಎಂದು ಎಲ್ಲರೂ ಬೆರಗಾದರು. ಋಣಾನುಬಂಧ ಎಂದರು ಒಬ್ಬರು.

ನಕ್ಷತ್ರಗಳು 27, ಸಂಕಲ್ಪಕ್ಕೆ ಕೂತವರು 7 ಮಂದಿ. ಇಪ್ಪತ್ತೇಳು ಖಾನೆಗಳಲ್ಲಿ ಏಳು ಜನ ಬೇರೆ ಬೇರೆಯಾಗಿ ಕೂರುವುದಕ್ಕೆ ಜಾಗ ಧಾರಾಳವಾಗಿದೆ ಎಂದೇ ಯಾರಿಗೂ ಅನಿಸುತ್ತದೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಇಂಥ ಏಳು ಜನರಲ್ಲಿ ಇಬ್ಬರ ನಕ್ಷತ್ರ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಗಣಿತದಲ್ಲಿ "ಹುಟ್ಟುಹಬ್ಬದ ಒಗಟು" ಎಂದು ಹೆಸರಾಗಿರುವುದರ ಚಿಕ್ಕ ರೂಪ ಇದು. ಒಗಟಿನ ಪೂರ್ಣ ರೂಪ ಹೀಗಿದೆ: ಒಂದು ಕೋಣೆಯಲ್ಲಿ ಬರೀ 23 ಜನರಿದ್ದರೆ ಸಾಕು, ಅವರಲ್ಲಿ ಯಾರೋ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧ ದಾಟುತ್ತದೆ. ವರ್ಷಕ್ಕೆ 365 ದಿನ ಇದ್ದರೂ!

ಮೊದಲು ನಕ್ಷತ್ರದ ಲೆಕ್ಕವನ್ನೇ ನೋಡೋಣ, ಅದು ಕಾಗದದ ಮೇಲೆ ಐದು ನಿಮಿಷದ ಕೆಲಸ. ಚಂದ್ರ ಒಂದೊಂದು ನಕ್ಷತ್ರದಲ್ಲೂ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ. ಹಾಗಾಗಿ ಇಪ್ಪತ್ತೇಳಕ್ಕೂ ಸಮನಾದ ಅವಕಾಶ ಎಂದುಕೊಳ್ಳಬಹುದು. ಏಳೇಳು ಜನರ ಒಂದು ಸಾವಿರ ಮನೆಗಳನ್ನು ಊಹಿಸಿಕೊಳ್ಳಿ. ಪ್ರತಿ ಮನೆಯಲ್ಲೂ ಒಬ್ಬೊಬ್ಬರಾಗಿ ನಕ್ಷತ್ರ ಹೇಳುತ್ತಾರೆ. ಯಾವ ಮನೆಯಲ್ಲಿ ಮೊದಲೇ ಬಂದ ನಕ್ಷತ್ರ ಮತ್ತೆ ಬರುತ್ತದೋ ಆ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕೋಣ.

ಎರಡನೆಯವರು ಬಾಯಿ ತೆರೆದಾಗ ಅವರ ನಕ್ಷತ್ರ ಮೊದಲನೆಯವರದ್ದೇ ಆಗುವುದು 27ರಲ್ಲಿ ಒಂದು ಸಲ. ಸಾವಿರದಲ್ಲಿ ಸುಮಾರು 37 ಮನೆಗಳು ಹೋಗಿ 963 ಉಳಿಯುತ್ತವೆ. ಮೂರನೆಯವರ ಹೊತ್ತಿಗೆ ಎರಡು ನಕ್ಷತ್ರ ಆಗಲೇ ಹಿಡಿದುಬಿಟ್ಟಿದೆ; ಉಳಿದ ಮನೆಗಳಲ್ಲಿ 27ಕ್ಕೆ 2ರಂತೆ ಹೋಗಿ 892 ಉಳಿಯುತ್ತವೆ. ನಾಲ್ಕನೆಯವರ ನಂತರ 793, ಐದನೆಯವರ ನಂತರ 675, ಆರನೆಯವರ ನಂತರ 550. ಏಳನೆಯವರು ಹೇಳಿ ಮುಗಿಸುವಾಗ ಪಟ್ಟಿಯಲ್ಲಿ ಉಳಿಯುವುದು 428 ಮನೆ ಮಾತ್ರ. ಮಿಕ್ಕ 572 ಮನೆಗಳಲ್ಲಿ ಯಾರೋ ಇಬ್ಬರದು ಒಂದೇ ನಕ್ಷತ್ರ. ಅಕ್ಕನ ಮನೆ ಈ ಹೆಚ್ಚಿನವರ ಗುಂಪಿಗೆ ಸೇರಿತ್ತು, ಅಷ್ಟೇ.

ಇಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಹೊಸಬರು ಬಂದಂತೆಲ್ಲ ಖಾಲಿ ಖಾನೆ ಕಡಿಮೆಯಾಗುತ್ತದೆ, ಆದ್ದರಿಂದ ತಾಗುವ ಸಾಧ್ಯತೆ ಪ್ರತಿ ಸಲ ಸ್ವಲ್ಪ ಏರುತ್ತದೆ. ಜೊತೆಗೆ, ಹಿಂದಿನ ಪ್ರತಿ ಹೆಜ್ಜೆಯಲ್ಲೂ ತಾಗದೆ ಪಾರಾಗಿ ಬಂದಿರಬೇಕು. ಒಂದೊಂದು ಹೆಜ್ಜೆಯೂ ಸುಲಭ, ಎಲ್ಲವನ್ನೂ ಒಟ್ಟಿಗೆ ದಾಟುವುದು ಕಷ್ಟ.

ಹುಟ್ಟುಹಬ್ಬಕ್ಕೂ ಇದೇ ಲೆಕ್ಕ, 27ರ ಜಾಗದಲ್ಲಿ 365 ಇಟ್ಟರಾಯಿತು. ಸಾವಿರ ಕೋಣೆಗಳಿಂದ ಶುರುಮಾಡಿದರೆ ಹತ್ತು ಜನ ಸೇರುವ ಹೊತ್ತಿಗೆ 883 ಕೋಣೆಗಳಲ್ಲಿ ಎಲ್ಲರ ದಿನವೂ ಬೇರೆ ಬೇರೆ ಉಳಿದಿರುತ್ತದೆ. ಇಪ್ಪತ್ತು ಜನರಿಗೆ ಅದು 589ಕ್ಕೆ, ಇಪ್ಪತ್ತೆರಡಕ್ಕೆ 524ಕ್ಕೆ ಇಳಿಯುತ್ತದೆ. ಇಪ್ಪತ್ತಮೂರನೆಯವರು ಒಳಗೆ ಕಾಲಿಟ್ಟಾಗ 22 ದಿನಗಳು ಆಗಲೇ ತುಂಬಿವೆ. 524ರಲ್ಲಿ 365ಕ್ಕೆ 22ರಂತೆ ಸುಮಾರು 32 ಕೋಣೆ ಹೊರಟುಹೋಗುತ್ತವೆ. ಉಳಿಯುವುದು 493. ಅಲ್ಲಿಗೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು.

ಲೆಕ್ಕ ಸರಿ, ಆದರೆ ಮನಸ್ಸು ಯಾಕೆ ಒಪ್ಪುವುದಿಲ್ಲ? ನಾವು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ ಇರುತ್ತದೆ, ಅದಕ್ಕೆ. "ಕೋಣೆಯಲ್ಲಿ ಇಬ್ಬರದು ಒಂದೇ ದಿನ" ಎಂದು ಕೇಳಿದ ಕೂಡಲೇ ನಾವು "ನನ್ನ ದಿನ ಇನ್ನೊಬ್ಬರದ್ದಾಗಿರುತ್ತದೆಯೇ?" ಎಂದು ಯೋಚಿಸುತ್ತೇವೆ. ಆ ಪ್ರಶ್ನೆಗೆ ನಮ್ಮ ಅಂದಾಜು ಸರಿಯಾಗಿಯೇ ಇದೆ. ಉಳಿದ 22 ಜನರಲ್ಲಿ ಯಾರಾದರೂ ನನ್ನ ದಿನವೇ ಹುಟ್ಟಿರುವ ಸಾಧ್ಯತೆ ನೂರಕ್ಕೆ ಆರು ಮಾತ್ರ. ಅದು ಅರ್ಧಕ್ಕೆ ಬರಬೇಕಾದರೆ ನನ್ನ ಸುತ್ತ 253 ಜನ ಬೇಕು.

ಆದರೆ ಒಗಟು ಕೇಳುತ್ತಿರುವುದು ನನ್ನ ದಿನವನ್ನಲ್ಲ, ಯಾವುದೇ ಇಬ್ಬರ ದಿನವನ್ನು. ಕೋಣೆಯಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೈ ಕುಲುಕಿದರೆ ಎಷ್ಟು ಕೈಕುಲುಕು ಆಗುತ್ತದೆ? ನಾನು 22 ಜನರ ಕೈ ಕುಲುಕುತ್ತೇನೆ, ಪಕ್ಕದವರು ನನ್ನನ್ನು ಬಿಟ್ಟು 21 ಜನರದು, ಅವರ ಪಕ್ಕದವರು 20 ಜನರದು. ಕೂಡುತ್ತಾ ಹೋದರೆ 253. ಅಂದರೆ ನನ್ನೊಬ್ಬನ ದಿನಕ್ಕೆ 253 ಜನರ ಮಧ್ಯೆ ಹುಡುಕಿದಷ್ಟೇ ಹೋಲಿಕೆಗಳು ಈ ಪುಟ್ಟ ಕೋಣೆಯೊಳಗೆ ತಾವಾಗಿಯೇ ನಡೆದುಹೋಗುತ್ತವೆ. ಅದರಲ್ಲಿ ನನ್ನ ಪಾಲು 22 ಮಾತ್ರ. ಉಳಿದ 231 ಜೋಡಿಗಳಲ್ಲಿ ನಾನಿಲ್ಲ, ಹಾಗಾಗಿ ಅವು ನನ್ನ ಲೆಕ್ಕಕ್ಕೇ ಬರುವುದಿಲ್ಲ. ನಾವು ಎಣಿಸುವುದು ತಲೆಗಳನ್ನು. ಕಾಕತಾಳೀಯ ಹುಟ್ಟುವುದು ಜೋಡಿಗಳಲ್ಲಿ. ಜನ ಎರಡರಷ್ಟಾದರೆ ಜೋಡಿಗಳು ನಾಲ್ಕರಷ್ಟಾಗುತ್ತವೆ. ಐವತ್ತು ಮಕ್ಕಳ ತರಗತಿಯಲ್ಲಿ 1,225 ಜೋಡಿ. ಅಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ನೂರಕ್ಕೆ 97.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 32 ದೇಶಗಳು ಆಡಿದವು, ಒಂದೊಂದು ತಂಡಕ್ಕೂ ಸರಿಯಾಗಿ 23 ಆಟಗಾರರು. ಈ ಒಗಟಿಗೆ ಹೇಳಿ ಮಾಡಿಸಿದ ಪರೀಕ್ಷೆ. ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದಾಗ 16 ತಂಡಗಳಲ್ಲಿ ಕನಿಷ್ಠ ಇಬ್ಬರ ಹುಟ್ಟುಹಬ್ಬ ಒಂದೇ ದಿನವಿತ್ತು. ಮೂವತ್ತೆರಡರಲ್ಲಿ ಹದಿನಾರು, ಕರಾರುವಾಕ್ಕಾಗಿ ಅರ್ಧ. ಪ್ರತಿ ಸಲವೂ ಹೀಗೆ ಅಳತೆ ಹಿಡಿದಂತೆ ಬರಬೇಕೆಂದಿಲ್ಲ. ಹದಿಮೂರೋ ಹತ್ತೊಂಬತ್ತೋ ಬಂದಿದ್ದರೂ ಲೆಕ್ಕ ತಪ್ಪಿತೆಂದು ಹೇಳುವಂತಿರಲಿಲ್ಲ.

ಗೃಹಪ್ರವೇಶದ ಊಟ ಮುಗಿದ ಮೇಲೆ ಜಮಖಾನದ ಮೇಲೆ ಕೂತು ನಾವೂ ಒಂದು ಪ್ರಯತ್ನ ಮಾಡಿದೆವು. ಹಜಾರದಲ್ಲಿದ್ದ 26 ಜನರಿಗೂ ಒಂದೊಂದು ಚೀಟಿ ಕೊಟ್ಟು, ವರ್ಷ ಬಿಟ್ಟು ದಿನ-ತಿಂಗಳು ಬರೆಸಿದೆ. ಚೀಟಿಗಳನ್ನು ತಿಂಗಳುವಾರು ಸಾಲಾಗಿ ಜೋಡಿಸಿದರೆ ಜೂನ್ ಸಾಲಿನಲ್ಲಿ "ಜೂನ್ 1" ಮೂರು ಸಲ ಬಂದಿತ್ತು. ಒಂದು ದೊಡ್ಡಪ್ಪನದು, ಉಳಿದೆರಡು ಅವರ ವಾರಿಗೆಯವರದು. ದೊಡ್ಡಪ್ಪ ತಲೆಯಾಡಿಸಿದರು. "ಅದು ಮೇಷ್ಟ್ರು ಬರೆದ ತಾರೀಖು ಕಣಪ್ಪ. ಶಾಲೆಗೆ ಸೇರಿಸುವಾಗ ನಮ್ಮಪ್ಪನಿಗೆ ದಿನ ಗೊತ್ತಿರಲಿಲ್ಲ. ಅವ್ವ ಹೇಳುತ್ತಿದ್ದದ್ದು ಕಾರಹುಣ್ಣಿಮೆ ಮಾರನೇ ದಿನ ಅಂತ."

ನಮ್ಮ ಹಿಂದಿನ ತಲೆಮಾರಿನವರ ದಾಖಲೆ ಬಲ್ಲವರಿಗೆ ಇದು ಹೊಸದೇನಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಜನ್ಮದಿನ ಗೊತ್ತಿಲ್ಲದ ಮಗುವಿಗೆ ವಯಸ್ಸು ಹೊಂದುವಂತೆ ಜೂನ್ 1 ಎಂದು ಬರೆದುಬಿಡುವುದು ರೂಢಿಯಾಗಿತ್ತು. ಒಗಟಿನ ಲೆಕ್ಕದಲ್ಲಿ ಇದರ ಪರಿಣಾಮ ದೊಡ್ಡದು. 365 ದಿನಗಳಿಗೂ ಸಮಾನ ಅವಕಾಶ ಎಂದು ನಾವು ಇಟ್ಟುಕೊಂಡದ್ದು ಅಲ್ಲಿ ಮುರಿದುಬೀಳುತ್ತದೆ. ಉದಾಹರಣೆಗೆ, ಒಂದು ಗುಂಪಿನಲ್ಲಿ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಜೂನ್ 1 ಇದೆ ಎನ್ನೋಣ. ಆಗ ಅರ್ಧದ ಗಡಿ ದಾಟಲು 23 ಜನ ಬೇಡ, 14 ಜನ ಸಾಕು. ದಿನಗಳು ಎಷ್ಟು ಅಸಮವಾಗಿ ಹಂಚಿದ್ದರೆ ಹೋಲಿಕೆ ಸಿಗುವುದು ಅಷ್ಟು ಸುಲಭ. ನಿಜವಾದ ಜನನಗಳೂ ಎಲ್ಲ ತಿಂಗಳುಗಳಲ್ಲಿ ಒಂದೇ ಸಮನಾಗಿರುವುದಿಲ್ಲ, ಆದರೆ ಆ ಏರಿಳಿತ ಸಣ್ಣದು. ಅದರಿಂದ 23ರ ಮಾತು ಬದಲಾಗುವುದಿಲ್ಲ. ಪರೀಕ್ಷೆ ಮಾಡುವವರು ಗಮನಿಸಬೇಕಾದದ್ದು ಇಷ್ಟು: ಅವಳಿಗಳಿದ್ದರೆ ಒಬ್ಬರನ್ನು ಬಿಡಿ, ಒಂದೇ ತಾರೀಖು ಮೂರು ನಾಲ್ಕು ಸಲ ಬಂದರೆ ಅದು ಹುಟ್ಟಿದ ದಿನವೋ ಬರೆದ ದಿನವೋ ಎಂದು ಕೇಳಿ.

ಜೂನ್ 1ರ ಮೂರೂ ಚೀಟಿಗಳನ್ನು ಬದಿಗಿಟ್ಟೆವು. ಉಳಿದದ್ದು ಸರಿಯಾಗಿ 23. ಜುಲೈ ಸಾಲು ದಾಟಿ ಆಗಸ್ಟ್‌ಗೆ ಬಂದಾಗ 14 ಎರಡು ಸಲ ಕಂಡಿತು. ಒಂದು ಅಕ್ಕನ ಮಗಳದು, ಇನ್ನೊಂದು ಅಡುಗೆಯವರ ಜೊತೆ ಬಡಿಸಲು ಬಂದಿದ್ದ ಹುಡುಗನದು. ಬೆಳಗಿನಿಂದ ಒಂದೇ ಮನೆಯಲ್ಲಿ ಓಡಾಡಿದ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಸಿಗದೆಯೂ ಹೋಗಬಹುದಿತ್ತು, ಅದರ ಸಾಧ್ಯತೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಈ ಲೆಕ್ಕದ ನಿಜವಾದ ಉಪಯೋಗ ಕಾಣುವುದು ದಾಖಲೆಗಳ ಮೇಜಿನ ಮೇಲೆ. ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ಸೇರಿದರೆ ಒಬ್ಬ ಮನುಷ್ಯನನ್ನು ಗುರುತಿಸಲು ಸಾಕು ಎಂದು ಅನೇಕರು ನಂಬುತ್ತಾರೆ. ಅರವತ್ತು ವರ್ಷಗಳ ಅಂತರದಲ್ಲಿ ಸುಮಾರು 21,900 ತಾರೀಖುಗಳಿವೆ. ಇಂಥ ಲೆಕ್ಕಗಳಿಗೆ ಒಂದು ಸುಲಭ ಸೂತ್ರವಿದೆ: ಖಾನೆಗಳ ಸಂಖ್ಯೆಯ ವರ್ಗಮೂಲ ತೆಗೆದು 1.18ರಿಂದ ಗುಣಿಸಿದರೆ ಅರ್ಧದ ಗಡಿ ಸಿಗುತ್ತದೆ. 365ಕ್ಕೆ ಹಾಗೆ ಮಾಡಿದರೆ 22 ದಾಟಿ 23ರ ಹತ್ತಿರ ಬರುತ್ತದೆ. 21,900ಕ್ಕೆ ಮಾಡಿದರೆ ಸುಮಾರು 175. ಅಂದರೆ ದಿನಗಳು ಸಮನಾಗಿ ಹಂಚಿದ್ದರೂ 175 ಹೆಸರುಗಳ ಒಂದು ಪಟ್ಟಿಯಲ್ಲಿ ಇಬ್ಬರ ಪೂರ್ಣ ಜನ್ಮದಿನಾಂಕ ಒಂದೇ ಇರುವುದು, ಇಲ್ಲದಿರುವುದಕ್ಕಿಂತ ಹೆಚ್ಚು ಸಂಭವ. ಇನ್ನು ಜೂನ್ 1 ತುಂಬಿರುವ ಪಟ್ಟಿಯಲ್ಲಂತೂ ಅದು ಇನ್ನೂ ಬೇಗ ಎದುರಾಗುತ್ತದೆ.

ಆದ್ದರಿಂದ ಪಿಂಚಣಿ ಪಟ್ಟಿಯಲ್ಲೋ ಆಸ್ಪತ್ರೆಯ ರಿಜಿಸ್ಟರಿನಲ್ಲೋ ಎರಡು ಕಡೆ ಒಂದೇ ಜನ್ಮದಿನಾಂಕ ಕಂಡರೆ, ಇದು ಒಬ್ಬರದ್ದೇ ಎರಡನೇ ಅರ್ಜಿ ಎಂದು ಗೆರೆ ಎಳೆಯುವ ಮುನ್ನ ತಂದೆಯ ಹೆಸರು, ಊರು, ವಿಳಾಸ ನೋಡಲೇಬೇಕು. ನಮ್ಮ ಹಜಾರದಲ್ಲಿ ಜೂನ್ 1 ಎಂದು ಬರೆದ ಮೂವರ ಚೀಟಿಗಳೂ ಒಂದೇ ಥರ ಇದ್ದವು. ಆದರೆ ದೊಡ್ಡಪ್ಪ ಹುಟ್ಟಿದ್ದು ಕಾರಹುಣ್ಣಿಮೆಯ ಮಾರನೇ ದಿನ. ಉಳಿದಿಬ್ಬರನ್ನು ಕೇಳಿದರೆ ಒಬ್ಬರದು ಸುಗ್ಗಿಯ ಕಾಲ, ಇನ್ನೊಬ್ಬರದು ದೀಪಾವಳಿ ಕಳೆದ ಮೇಲೆ.