ಮಗುವಿಗೆ 18 ತುಂಬಿದಾಗ ಪಾಸ್ ಪುಸ್ತಕಕ್ಕೆ ಯಾರ ಸಹಿ?

ನಿಮ್ಮ ಮನೆಯಲ್ಲಿ ಮಗನಿಗೋ ಮಗಳಿಗೋ ಈ ವರ್ಷ 18 ತುಂಬುವುದಿದ್ದರೆ, ಮಗುವಿನ ಹೆಸರಿನಲ್ಲಿ ಎಂದೋ ತೆರೆದಿಟ್ಟ ಉಳಿತಾಯ ಖಾತೆಯ ಪಾಸ್ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಅದರ ಮೊದಲ ಪುಟದಲ್ಲಿ ಮಗುವಿನ ಹೆಸರು, ಅದರ ಪಕ್ಕದಲ್ಲಿ 'ಮೈನರ್' ಎಂಬ ಮಾತು, ಕೆಳಗೆ ಪಾಲಕರ ಹೆಸರು ಇರುತ್ತದೆ. ಮಗುವಿನ ಜನ್ಮ ದಿನಾಂಕ ಪುಸ್ತಕದಲ್ಲಿ ಅಚ್ಚಾಗಿರಲಿ ಇಲ್ಲದಿರಲಿ, ಬ್ಯಾಂಕಿನ ದಾಖಲೆಯಲ್ಲಂತೂ ಇರುತ್ತದೆ. ಈ ಖಾತೆಯಲ್ಲಿರುವ ಹಣ ಪಾಲಕರದಲ್ಲ, ಮಗುವಿನದು. ಪಾಲಕರದು ಸಹಿ ಮಾತ್ರ. ಆ ಸಹಿಯ ಅಧಿಕಾರಕ್ಕೆ ಒಂದು ಕೊನೆಯ ದಿನವುಂಟು. ಅದನ್ನು ಮರೆತ ಮನೆಯವರಿಗೆ ಹಣ ಇದ್ದೂ ಕೈಗೆ ಬಾರದ ಪರಿಸ್ಥಿತಿ ಒದಗುತ್ತದೆ. ಅದೂ ಸಾಮಾನ್ಯವಾಗಿ ಪಿ.ಯು.ಸಿ. ಮುಗಿದು ಕಾಲೇಜಿನ ಶುಲ್ಕ ಕಟ್ಟಬೇಕಾದ ತಿಂಗಳಲ್ಲೇ.

ಆ ಕೊನೆಯ ದಿನವನ್ನು ಎಣಿಸುವ ಕ್ರಮವನ್ನು 1875ರ ಭಾರತೀಯ ಪ್ರಾಪ್ತವಯಸ್ಕತೆಯ ಕಾಯಿದೆಯೇ ಹೇಳಿದೆ. ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನವೆಂದು ಲೆಕ್ಕಕ್ಕೆ ಹಿಡಿಯಬೇಕು. 18ನೆಯ ಹುಟ್ಟುಹಬ್ಬದ ದಿನ ಆರಂಭವಾಗುತ್ತಲೇ ವ್ಯಕ್ತಿ ಪ್ರಾಪ್ತವಯಸ್ಕನಾದಂತೆ. ಮಗು ರಾತ್ರಿ 11 ಗಂಟೆಗೆ ಹುಟ್ಟಿದ್ದರೂ ಅಷ್ಟೆ. ನ್ಯಾಯಾಲಯವು ಪಾಲಕರನ್ನು ನೇಮಿಸಿದ್ದ ಮಕ್ಕಳಿಗೆ ಹಿಂದೆ 21 ವರ್ಷದ ನಿಯಮವಿತ್ತು. ಹಿರಿಯರು ಕೆಲವರು ಇನ್ನೂ ಅದನ್ನೇ ನೆನಪಿಟ್ಟುಕೊಂಡಿದ್ದಾರೆ. 1999ರ ತಿದ್ದುಪಡಿಯಿಂದ ಆ ಭೇದ ಹೋಗಿದೆ. ಈಗ ಎಲ್ಲರಿಗೂ 18.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಒಂದು ಮನೆ. ಮಗಳು ಹುಟ್ಟಿದ್ದು 14 ಜೂನ್ 2008ರಂದು. ತಂದೆ ತೀರಿಕೊಂಡಿದ್ದಾರೆ. ಖಾತೆಯನ್ನು ತಾಯಿ ತೆರೆದು ತಾವೇ ನಡೆಸುತ್ತ ಬಂದಿದ್ದಾರೆ. ಖಾತೆಯಲ್ಲಿ 84,600 ರೂಪಾಯಿ ಇದೆ, ಕಾಲೇಜಿಗೆ ಕಟ್ಟಬೇಕಾದದ್ದು 38,000. ಮಗಳಿಗೆ 18 ತುಂಬುವ ದಿನ 14 ಜೂನ್ 2026. ಪಂಚಾಂಗ ನೋಡಿದರೆ ಅದು ಭಾನುವಾರ. ಹಿಂದಿನ ದಿನ ತಿಂಗಳ ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಆದ್ದರಿಂದ ತಾಯಿಯ ಸಹಿಗೆ ಬ್ಯಾಂಕಿನ ಕಟ್ಟೆಯಲ್ಲಿ ಬೆಲೆಯಿರುವ ಕೊನೆಯ ದಿನ 12ನೆಯ ತಾರೀಖು, ಶುಕ್ರವಾರ. ಸೋಮವಾರ ಬೆಳಗ್ಗೆ ಆಕೆ ಹಣ ತೆಗೆಯುವ ಚೀಟಿ ಹಿಡಿದು ಹೋದರೆ, ಗುಮಾಸ್ತರು ಅದನ್ನು ಹಿಂದಕ್ಕೆ ಕೊಡುವುದೇ ಸರಿ. ಅದು ಅವರ ಒರಟುತನವಲ್ಲ.

ಹಾಗಾದರೆ ಆ ತಾಯಿ 10ನೆಯ ತಾರೀಖು ಬರೆದುಕೊಟ್ಟ ಚೆಕ್ಕಿನ ಗತಿಯೇನು? ಚೆಕ್ಕಿನ ಮೇಲಿನ ತಾರೀಖು 10 ಆಗಿರಬಹುದು. ಆದರೆ ಕಾಲೇಜಿನ ಕಚೇರಿಯವರು ಅದನ್ನು ನಾಲ್ಕು ದಿನ ಮೇಜಿನ ಖಾನೆಯಲ್ಲಿಟ್ಟು ಸೋಮವಾರ ಬ್ಯಾಂಕಿಗೆ ಹಾಕಿದರೆ, ಆ ಹೊತ್ತಿಗೆ ಪಾಲಕರ ಅಧಿಕಾರ ಮುಗಿದಿರುತ್ತದೆ. ಚೆಕ್ಕು ಹಿಂದಿರುಗುವ ಸಂಭವ ಬಹಳ. ಶುಲ್ಕ ಕಟ್ಟುವ ದಿನ ಹೀಗೆ ಹುಟ್ಟುಹಬ್ಬಕ್ಕೆ ಹತ್ತಿರವಾಗಿದ್ದರೆ ಚೆಕ್ಕನ್ನು ನಂಬಬೇಡಿ. ಶುಕ್ರವಾರದೊಳಗೆ ಆ ಖಾತೆಯಿಂದಲೇ 38,000ಕ್ಕೆ ಕಾಲೇಜಿನ ಹೆಸರಿಗೆ ಡಿಮ್ಯಾಂಡ್ ಡ್ರಾಫ್ಟ್ ಮಾಡಿಸಿಕೊಳ್ಳಿ. ಡ್ರಾಫ್ಟಿನ ಹಣ ಅಂದೇ ಖಾತೆಯಿಂದ ಕಳೆದಿರುತ್ತದೆ. ಆಮೇಲೆ ಅದು ಯಾವ ದಿನ ಜಮೆಯಾದರೂ ಪಾಲಕರ ಸಹಿಯ ಪ್ರಶ್ನೆ ಏಳುವುದಿಲ್ಲ. ತಿಂಗಳು ತಿಂಗಳು ಆ ಖಾತೆಯಿಂದ ತಾನಾಗಿ ಕಡಿತವಾಗುವ ವಿಮೆಯ ಕಂತು ಮುಂತಾದವು ಇದ್ದರೆ, ಅವನ್ನೂ ಮುಂಚಿತವಾಗಿ ಬ್ಯಾಂಕಿನಲ್ಲಿ ವಿಚಾರಿಸಬೇಕು. ಅವಕ್ಕೆ ಒಪ್ಪಿಗೆ ಕೊಟ್ಟವರೂ ಪಾಲಕರೇ ತಾನೆ?

ಮಗುವಿಗೆ 18 ತುಂಬಿದ ಮೇಲೆ ಸಾಮಾನ್ಯವಾಗಿ ಖಾತೆಗೆ ಹಣ ಬರುವುದು ನಿಲ್ಲುವುದಿಲ್ಲ, ತೆಗೆಯುವುದು ನಿಲ್ಲುತ್ತದೆ. ವಿದ್ಯಾರ್ಥಿವೇತನ ಜಮೆಯಾದದ್ದು ಪಾಸ್ ಪುಸ್ತಕದಲ್ಲಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಪಾಲಕರಿಗೆ ಕೊಟ್ಟಿದ್ದ ಎ.ಟಿ.ಎಂ. ಕಾರ್ಡು ಇದ್ದಕ್ಕಿದ್ದಂತೆ ಕೆಲಸ ಮಾಡದೆ ಹೋದರೆ, ಯಂತ್ರವನ್ನು ಬೈಯುವ ಮೊದಲು ಮಗುವಿನ ಜನ್ಮದಿನವನ್ನು ನೆನಪಿಸಿಕೊಳ್ಳಿ.

ಇನ್ನು ಪಾಲಕರ ಕಾಗದಗಳು. ಖಾತೆ ತೆರೆದಾಗ ಪಾಲಕರು ಯಾವ ನೆಲೆಯಲ್ಲಿ ಸಹಿ ಮಾಡಿದರು ಎಂಬುದನ್ನು ಬ್ಯಾಂಕು ಬರೆದಿಟ್ಟಿರುತ್ತದೆ. ತಂದೆ ಅಥವಾ ತಾಯಿಯಾದರೆ ಸ್ವಾಭಾವಿಕ ಪಾಲಕರು. ನ್ಯಾಯಾಲಯದ ಆಜ್ಞೆಯಿಂದ ಬಂದವರಾದರೆ ಕಾನೂನಿನ ಪಾಲಕರು. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯಲ್ಲಿ ತಂದೆ, 'ಅವನ ಅನಂತರ' ತಾಯಿ ಎಂದಿದೆ. ಅನಂತರ ಎಂದರೆ ತಂದೆ ಸತ್ತ ಮೇಲೆಯೇ ಎಂದು ಅರ್ಥಮಾಡಬೇಕಿಲ್ಲವೆಂದು ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹೇಳಿತು. ಬ್ಯಾಂಕಿನ ಠೇವಣಿಯ ಮಟ್ಟಿಗಂತೂ ತಾಯಿಯನ್ನು ಪಾಲಕಳಾಗಿ ಒಪ್ಪಬಹುದೆಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ತಿಳಿಸಿದೆ. ತೊಡಕು ಬರುವುದು ಅಜ್ಜನೋ ಸೋದರಮಾವನೋ ಪ್ರೀತಿಯಿಂದ ಪಾಲಕನೆಂದು ಸಹಿ ಹಾಕಿದ್ದಲ್ಲಿ. ಅವರು ಸ್ವಾಭಾವಿಕ ಪಾಲಕರಲ್ಲ. ಅಂಥವರ ಬಳಿ ನ್ಯಾಯಾಲಯದ ಆಜ್ಞೆಯ ಪ್ರತಿ ಇದೆಯೇ, ಹಣ ತೆಗೆಯುವುದಕ್ಕೆ ಅದರಲ್ಲಿ ಏನಾದರೂ ಷರತ್ತು ಹಾಕಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಅಪಘಾತದ ಪರಿಹಾರವಾಗಿ ಬಂದು ನ್ಯಾಯಮಂಡಳಿಯ ಅಪ್ಪಣೆಯಂತೆ ಮಗುವಿನ ಹೆಸರಿನಲ್ಲಿಟ್ಟ ನಿಗದಿತ ಠೇವಣಿಯಾದರೆ, ಆ ಅಪ್ಪಣೆಯ ಪ್ರತಿಯನ್ನು ಹುಡುಕಿ ತೆಗೆಯಿರಿ. ಬ್ಯಾಂಕಿನವರು ಅದರಲ್ಲಿ ಬರೆದಂತೆ ನಡೆಯುತ್ತಾರೆ.

ಪಾಲಕರು ತೀರಿಕೊಂಡಿದ್ದರೆ ಮನೆಯವರು ಬಹಳ ಗಾಬರಿಯಾಗುತ್ತಾರೆ, ವಾರಸು ಪತ್ರಕ್ಕೆಂದು ವಕೀಲರ ಮನೆಗೆ ಓಡುತ್ತಾರೆ. ಅದರ ಅಗತ್ಯವಿಲ್ಲ. ಪಾಲಕರು ಜಂಟಿ ಖಾತೆದಾರರಲ್ಲ; ಅವರು ಹೋದರೆ ಮಗುವಿನ ಹಣಕ್ಕೆ ವಾರಸುದಾರಿಕೆಯ ಪ್ರಶ್ನೆ ಬರುವುದೇ ಇಲ್ಲ. 18 ತುಂಬಿದ್ದರೆ ಮಗು ತಾನೇ ಹೋಗಿ ಖಾತೆಯನ್ನು ವಹಿಸಿಕೊಳ್ಳಬಹುದು. ತುಂಬಿಲ್ಲದಿದ್ದರೆ ಉಳಿದಿರುವ ತಂದೆ ಅಥವಾ ತಾಯಿ ಮರಣ ಪ್ರಮಾಣಪತ್ರ ಕೊಟ್ಟು ಪಾಲಕರ ಹೆಸರು ಬದಲಾಯಿಸಿಕೊಳ್ಳಬೇಕು. ಇಬ್ಬರೂ ಇಲ್ಲದಿದ್ದಾಗ ಮಾತ್ರ ನ್ಯಾಯಾಲಯದ ಬಾಗಿಲು.

ನಮ್ಮ ಉದಾಹರಣೆಯ ಹುಡುಗಿ ಸೋಮವಾರ ಬ್ಯಾಂಕಿಗೆ ಹೋಗುವಾಗ ಏನನ್ನು ಒಯ್ಯಬೇಕು? ತನ್ನ ಆಧಾರ್ ಕಾರ್ಡು, ಪಾನ್ ಕಾರ್ಡು, ಈಚಿನ ಭಾವಚಿತ್ರ, ಹಳೆಯ ಪಾಸ್ ಪುಸ್ತಕ, ಬಳಸದೆ ಉಳಿದ ಚೆಕ್ಕಿನ ಹಾಳೆಗಳು, ತಾಯಿಯ ಹತ್ತಿರವಿದ್ದ ಎ.ಟಿ.ಎಂ. ಕಾರ್ಡು, ಮತ್ತು ತಾಯಿಯನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಮಗಳ ಹೊಸ ಸಹಿಯನ್ನು ಪಾಲಕರಿಂದ ದೃಢೀಕರಿಸಿಕೊಳ್ಳುವ ಬ್ಯಾಂಕುಗಳುಂಟು. ಪಾನ್ ಮಾಡಿಸಿಲ್ಲದಿದ್ದರೆ ಅದರ ಬದಲಿಗೆ ತುಂಬಿಕೊಡುವ ಘೋಷಣೆಯ ನಮೂನೆ ಬ್ಯಾಂಕಿನಲ್ಲೇ ಸಿಗುತ್ತದೆ. ಮಗುವಾಗಿದ್ದಾಗ ಮಾಡಿಸಿದ ಪಾನ್ ಕಾರ್ಡಿನಲ್ಲಿ ಭಾವಚಿತ್ರವೂ ಸಹಿಯೂ ಇರುವುದಿಲ್ಲ. ಸಂಖ್ಯೆ ಅದೇ ಉಳಿಯುತ್ತದೆ, ಆದರೆ ಚಿತ್ರ ಮತ್ತು ಸಹಿ ಸೇರಿಸಿದ ಕಾರ್ಡಿಗೆ ಅರ್ಜಿ ಹಾಕಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಕಾಲಹರಣ ಮಾಡಿಸುವುದು ಜನ್ಮ ದಿನಾಂಕದ ವ್ಯತ್ಯಾಸ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನ ಕಡತದಲ್ಲಿ ಮತ್ತೊಂದು. ಶಾಲೆಗೆ ಬೇಗ ಸೇರಿಸಲೆಂದು ಎರಡು ತಿಂಗಳು ಹಿಂದೆ ಬರೆಸಿದ ತಾರೀಖು ಇಷ್ಟು ವರ್ಷದ ಮೇಲೆ ಇಲ್ಲಿ ಎದುರಾಗುತ್ತದೆ. ಹುಟ್ಟುಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ; ಹೆಸರಿನ ಅಕ್ಷರಗಳನ್ನೂ ಇನಿಷಿಯಲ್ಲನ್ನೂ ಹಾಗೆಯೇ ಹೋಲಿಸಿ.

ಬ್ಯಾಂಕಿನಲ್ಲಿ ಆಗುವ ಕೆಲಸವನ್ನು ರಿಸರ್ವ್ ಬ್ಯಾಂಕು 2025ರ ಏಪ್ರಿಲ್ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಪ್ರಾಪ್ತವಯಸ್ಕನಾದ ಖಾತೆದಾರನಿಂದ ಖಾತೆ ನಡೆಸುವ ಬಗೆಗೆ ಹೊಸ ಸೂಚನೆ ಪಡೆಯಬೇಕು, ಹೊಸ ಮಾದರಿ ಸಹಿ ಪಡೆಯಬೇಕು, ಖಾತೆಯನ್ನು ಪಾಲಕರು ನಡೆಸುತ್ತಿದ್ದರೆ ಉಳಿದಿರುವ ಮೊತ್ತವನ್ನು ಖಚಿತಪಡಿಸಿಕೊಳ್ಳಬೇಕು. ಇದನ್ನು ಖಾತೆದಾರರಿಗೆ ಮುಂಚಿತವಾಗಿ ತಿಳಿಸುವುದೂ ಬ್ಯಾಂಕಿನ ಕರ್ತವ್ಯ. ಆದರೆ ಆ ತಿಳುವಳಿಕೆ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಫೋನಿಗೆ. ಮನೆ ಬದಲಾಯಿಸಿದ್ದರೆ, ಸಂಖ್ಯೆ ಬದಲಾಗಿದ್ದರೆ ಅದು ನಿಮಗೆ ತಲುಪುವುದಿಲ್ಲ. ಹೊಸ ನಮೂನೆಯಲ್ಲಿ ಫೋನ್ ಸಂಖ್ಯೆಯ ಜಾಗಕ್ಕೆ ಮಗಳ ಸಂಖ್ಯೆಯನ್ನೇ ಬರೆಯಿಸಿ. ತಾಯಿಯ ಸಂಖ್ಯೆಯೇ ಉಳಿದರೆ ರಹಸ್ಯ ಅಂಕಿಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಉಳಿದ ಮೊತ್ತ ಖಚಿತಪಡಿಸುವುದು ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. 'ಈ ದಿನ ನನ್ನ ಖಾತೆಯಲ್ಲಿ ಇಷ್ಟು ಹಣವಿದೆ, ಸರಿಯಾಗಿದೆ' ಎಂದು ಮಗಳು ಸಹಿ ಹಾಕುತ್ತಾಳೆ. ಇದನ್ನು ಒಂದು ಗೆರೆಯ ಔಪಚಾರಿಕತೆಯೆಂದು ನೋಡದೆ ಹಾಕುವವರೇ ಹೆಚ್ಚು. ಮೊದಲು ಖಾತೆಯ ವಿವರ ತರಿಸಿ ತಾಯಿ ಮಗಳು ಒಟ್ಟಿಗೆ ಕುಳಿತು ಓದುವುದು ಮೇಲು. ಪಾಲಕರು ತೆಗೆಯುವ ಹಣ ಮಗುವಿನ ಹಿತಕ್ಕಾಗಿಯೇ ಇರಬೇಕೆಂಬುದು ಈ ಖಾತೆಯ ಮೂಲ ನಿಯಮ. ನಮ್ಮ ಉದಾಹರಣೆಯಲ್ಲಿ ಹಿಂದಿನ ವರ್ಷ 15,000 ರೂಪಾಯಿ ತೆಗೆದದ್ದು ಕಾಣುತ್ತದೆಂದು ಇಟ್ಟುಕೊಳ್ಳಿ, ಪಿ.ಯು. ಶುಲ್ಕಕ್ಕೆ ಹೋಗಿದ್ದರೆ ರಸೀತಿಯನ್ನು ಪಾಸ್ ಪುಸ್ತಕದೊಳಗೆ ಇಡಿ, ಮನೆಯ ದುರಸ್ತಿಗೆ ಹೋಗಿದ್ದರೆ ಮಗಳಿಗೆ ಅದನ್ನು ಹೇಳಿ. ಡ್ರಾಫ್ಟಿನ 38,000 ಕಳೆದು ಉಳಿಯಬೇಕಾದದ್ದು 46,600, ಅದರ ಜೊತೆಗೆ ಬಂದಿದ್ದರೆ ಬಡ್ಡಿ. ಬ್ಯಾಂಕಿನ ಕಾಗದದಲ್ಲಿ ಅಷ್ಟೇ ಇದೆಯೇ ಎಂದು ನೋಡಿದ ಮೇಲೆ ಮಗಳು ಸಹಿ ಹಾಕಲಿ.

ಅದೇ ಹೆಸರಿನಲ್ಲಿ ನಿಗದಿತ ಠೇವಣಿಯಿದ್ದರೆ ರಸೀತಿಯನ್ನೂ ಅದೇ ದಿನ ಒಯ್ಯಿರಿ. ಅವಧಿ 18ರ ನಂತರ ಮುಗಿಯುವುದಾದರೆ ಅದರ ಹಣ ಪಡೆಯಲು ಮಗಳ ಸಹಿಯೇ ಬೇಕು. 10 ವರ್ಷವಾದ ಮೇಲೆ ಮಗು ತಾನೇ ನಡೆಸುತ್ತಿದ್ದ ಖಾತೆಯಾದರೂ ಹೊಸ ಸಹಿ, ಹೊಸ ಸೂಚನೆ ತಪ್ಪದು. ಅಂಚೆ ಕಚೇರಿಯ ಖಾತೆಗೂ ಇದೇ ರೀತಿ: 18 ತುಂಬಿದವರು ತಮ್ಮ ಹೆಸರಿನಲ್ಲಿ ಹೊಸ ನಮೂನೆಯನ್ನೂ ಗುರುತಿನ ಕಾಗದಗಳನ್ನೂ ಕೊಡಬೇಕು.

ಕೆಲವು ತಂದೆತಾಯಿಗಳು 'ಹುಡುಗಿಗೆ ವ್ಯವಹಾರ ತಿಳಿಯದು, ನಮ್ಮ ಸಹಿಯೂ ಇರಲಿ' ಎನ್ನುತ್ತಾರೆ. ಇರಬಹುದು, ಜಂಟಿ ಖಾತೆಯಾಗಿ ಮಾಡಿಕೊಳ್ಳಬಹುದು. ಆದರೆ ಹಾಗೆ ಮಾಡಬೇಕೆಂದು ಬ್ಯಾಂಕಿಗೆ ಬರೆದುಕೊಡಬೇಕಾದವಳು ಈಗ ಅವಳು. ನಾಮನಿರ್ದೇಶನವೂ ಹಾಗೆಯೇ. ಹಿಂದೆ ಪಾಲಕರು ಮಗುವಿನ ಪರವಾಗಿ ಬರೆಸಿದ ಹೆಸರು ಯಾವುದೆಂದು ಅಂದೇ ಕೇಳಿ ತಿಳಿದು, ಹೊಸ ನಮೂನೆಯನ್ನು ಮಗಳ ಕೈಯಿಂದಲೇ ತುಂಬಿಸಿ, ಅದು ದಾಖಲಾದುದಕ್ಕೆ ಬ್ಯಾಂಕಿನಿಂದ ರಸೀತಿ ಪಡೆದುಕೊಂಡು ಬನ್ನಿ.